ಸ್ಕ್ಯಾನ್ ರಿಪೋರ್ಟ್ ಒಂದೇ, ನೋವು ಬೇರೆ: ವ್ಯಾಸೆಕ್ಟಮಿ ಆದ ತಿಂಗಳುಗಳ ನಂತರ ವೃಷಣ ಯಾಕೆ ನೋಯುತ್ತದೆ?

ಇಬ್ಬರು ಗಂಡಸರನ್ನು ಊಹಿಸಿಕೊಳ್ಳಿ. ಇಬ್ಬರಿಗೂ ನಲವತ್ತರ ಒಳಗಿನ ವಯಸ್ಸು. ಮಕ್ಕಳು ಸಾಕು ಅಂತ ವ್ಯಾಸೆಕ್ಟಮಿ ಮಾಡಿಸಿಕೊಂಡು ಆರು ತಿಂಗಳಾಗಿದೆ. ಮೊದಲ ವಾರದ ಊತ, ಕಪ್ಪುಗಟ್ಟಿದ ಚರ್ಮ ಎಲ್ಲಾ ತಾನಾಗೇ ಇಳಿದಿದೆ. ಈಗ ಇಬ್ಬರಿಗೂ ಬಲಗಡೆ ನೋವು. ಇಬ್ಬರೂ ಸ್ಕ್ಯಾನ್ ಮಾಡಿಸುತ್ತಾರೆ, ಎರಡೂ ರಿಪೋರ್ಟಿನಲ್ಲಿ ಬರೆದಿರುವುದು ಹೆಚ್ಚುಕಮ್ಮಿ ಒಂದೇ: ವೃಷಣ ಸರಿಯಾಗಿದೆ, ರಕ್ತ ಓಡಾಟ ಸರಿಯಾಗಿದೆ, ಎಪಿಡಿಡಿಮಿಸ್ ಸ್ವಲ್ಪ ದಪ್ಪಗಿದೆ, ನಾಳ ಕತ್ತರಿಸಿದ ಜಾಗದಲ್ಲಿ 7 ಮಿಲಿಮೀಟರಿನ ಒಂದು ಗಂಟು ಇದೆ, ಬಹುಶಃ ಸ್ಪರ್ಮ್ ಗ್ರ್ಯಾನ್ಯುಲೋಮಾ.

ರಿಪೋರ್ಟ್ ಕೈಗೆ ಬಂದ ತಕ್ಷಣ ಇಬ್ಬರ ತಲೆಯಲ್ಲೂ ಓಡುವ ಯೋಚನೆ ಒಂದೇ. ಗಂಟು ಸಿಕ್ಕಿತು, ಕಳ್ಳ ಸಿಕ್ಕ, ತೆಗೆಸಿಬಿಟ್ಟರೆ ಮುಗಿಯಿತು. ಒಬ್ಬನ ವಿಷಯದಲ್ಲಿ ಇದು ಸರಿ. ಇನ್ನೊಬ್ಬನಿಗೆ ಅದೇ ಗಂಟು ತೆಗೆಸಿದರೆ ನೋವು ಜಾಸ್ತಿಯಾಗುವ ಸಾಧ್ಯತೆಯೂ ಇದೆ. ಯಾಕೆ ಅಂತ ನೋಡಬೇಕಾದರೆ ಆಪರೇಷನ್ನಿನಲ್ಲಿ ನಿಜವಾಗಿ ಏನು ನಿಲ್ಲುತ್ತದೆ, ಏನು ನಿಲ್ಲುವುದಿಲ್ಲ ಅನ್ನುವುದರಿಂದ ಶುರು ಮಾಡಬೇಕು.

ವ್ಯಾಸೆಕ್ಟಮಿಯಲ್ಲಿ ಕತ್ತರಿಸುವುದು ವೀರ್ಯನಾಳವನ್ನು. ಬೀಜದ ಪಕ್ಕದಿಂದ ಹೊರಟು, ತೊಡೆಸಂದಿನ ಮೂಲಕ ಹೊಟ್ಟೆಯೊಳಗೆ ಹೋಗುವ ಗಟ್ಟಿ ದಾರದಂಥ ಕೊಳವೆ ಅದು. ವೃಷಣದ ಚೀಲದ ಚರ್ಮದ ಮೇಲಿಂದ ಬೆರಳಲ್ಲಿ ಉರುಳಿಸಿ ನೋಡಿದರೆ ಸಿಗುತ್ತದೆ. ಅದನ್ನು ಕತ್ತರಿಸಿ ಎರಡು ತುದಿಗಳನ್ನು ಸುಟ್ಟೋ, ಕಟ್ಟಿಯೋ, ನಡುವೆ ತೆಳು ಪೊರೆಯ ಪದರ ಹಾಕಿ ಬೇರೆ ಮಾಡಿಯೋ ಮುಚ್ಚುತ್ತಾರೆ. ಇಷ್ಟೇ. ವೃಷಣಕ್ಕೆ ಈ ಸುದ್ದಿ ಯಾರೂ ಹೇಳುವುದಿಲ್ಲ. ಅದು ಮೊದಲಿನ ಹಾಗೇ ದಿನಕ್ಕೆ ಕೋಟಿಗಟ್ಟಲೆ ವೀರ್ಯಾಣುಗಳನ್ನು ಮಾಡುತ್ತಲೇ ಇರುತ್ತದೆ. ಹಾರ್ಮೋನು ರಕ್ತಕ್ಕೆ ಹೋಗುವ ದಾರಿ ಬೇರೆ, ಹಾಗಾಗಿ ಅದಕ್ಕೇನೂ ಆಗುವುದಿಲ್ಲ. ಹೊರಬರುವ ದ್ರವವೂ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುವುದಿಲ್ಲ. ಯಾಕೆಂದರೆ ಅದರಲ್ಲಿ ವೀರ್ಯಾಣುಗಳ ಪಾಲು ನೂರಕ್ಕೆ ಐದಕ್ಕಿಂತ ಹೆಚ್ಚಿಲ್ಲ, ಉಳಿದದ್ದೆಲ್ಲ ಮೇಲಿನ ಗ್ರಂಥಿಗಳಿಂದ ಬರುವುದು.

ಹಾಗಾದರೆ ತಯಾರಾದ ವೀರ್ಯಾಣುಗಳು ಹೋಗುವುದೆಲ್ಲಿಗೆ? ವೃಷಣದ ಹಿಂದೆ ಅಂಟಿಕೊಂಡಿರುವ ಎಪಿಡಿಡಿಮಿಸ್‌ಗೆ. ಹೊರಗಿನಿಂದ ಅದು ಬಾಲಚಂದ್ರನ ಹಾಗೆ ಬಾಗಿದ ಒಂದು ಮೆತ್ತನೆ ಪಟ್ಟಿ. ಒಳಗೆ ಇರುವುದು ಒಂದೇ ಒಂದು ಕೂದಲೆಳೆಯಂಥ ನಾಳ, ಬಿಡಿಸಿ ಉದ್ದಕ್ಕೆ ಎಳೆದರೆ ಸುಮಾರು 6 ಮೀಟರ್ ಬರುತ್ತದೆ. ಈ ನಾಳದ ಗೋಡೆ ಹಳೆಯ ವೀರ್ಯಾಣುಗಳನ್ನೂ ಅವುಗಳ ಜೊತೆಯ ದ್ರವವನ್ನೂ ಹೀರಿಕೊಳ್ಳುತ್ತದೆ. ಆಪರೇಷನ್ ಆದ ಮೇಲೆ ಈ ಕೆಲಸ ಜಾಸ್ತಿಯಾಗುತ್ತದೆ. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಬರುವುದಕ್ಕೂ ಹೀರುವುದಕ್ಕೂ ಲೆಕ್ಕ ಸರಿಹೋಗುತ್ತದೆ, ಅವರಿಗೆ ಒಳಗೆ ಇಷ್ಟೆಲ್ಲ ನಡೆದದ್ದು ಗೊತ್ತೂ ಆಗುವುದಿಲ್ಲ. ಕೆಲವರಲ್ಲಿ ಲೆಕ್ಕ ಸರಿಹೋಗುವುದಿಲ್ಲ. ಆಗ ಎಪಿಡಿಡಿಮಿಸ್ ತುಂಬಿ ಉಬ್ಬುತ್ತದೆ. ಮೂತ್ರ ಕಟ್ಟಿಕೊಂಡಾಗ ಹೊಟ್ಟೆಯ ಕೆಳಗೆ ಬಿಗಿಯುತ್ತದಲ್ಲ, ಆ ಜಾತಿಯ ಒತ್ತಡ, ಆದರೆ ಸಣ್ಣ ಜಾಗದಲ್ಲಿ ಮತ್ತು ದಿನವಿಡೀ.

ಒತ್ತಡ ಏರಿದರೆ ಎಲ್ಲೋ ಒಂದು ಕಡೆ ಸೋರಲೇಬೇಕು. ಸಾಮಾನ್ಯವಾಗಿ ಸೋರುವುದು ನಾಳ ಕತ್ತರಿಸಿದ ತುದಿಯಲ್ಲಿ, ಕೆಲವೊಮ್ಮೆ ಎಪಿಡಿಡಿಮಿಸ್‌ನ ತೆಳು ಗೋಡೆಯೇ ಒಡೆದು ಅಲ್ಲಿ. ಹೊರಗೆ ಬಂದ ವೀರ್ಯಾಣು ಮೈಯ ರಕ್ಷಣಾ ಪಡೆಗೆ ಅಪರಿಚಿತ. ಇದು ಕೇಳಲು ವಿಚಿತ್ರ, ಅಲ್ವಾ? ನಮ್ಮದೇ ಮೈಯ ಕಣ. ಆದರೆ ವೀರ್ಯಾಣು ಹುಟ್ಟುವುದು ಹರೆಯ ಬಂದ ಮೇಲೆ. ಯಾವುದು ನಮ್ಮದು, ಯಾವುದು ಹೊರಗಿನದು ಅಂತ ರಕ್ಷಣಾ ವ್ಯವಸ್ಥೆ ಮೊದಲ ಪಾಠ ಕಲಿತಿರುವುದು ಅದಕ್ಕೂ ಎಷ್ಟೋ ಮುಂಚೆ. ಅದಕ್ಕೇ ವೃಷಣದೊಳಗೆ ವೀರ್ಯಾಣುಗಳಿಗೂ ರಕ್ತಕ್ಕೂ ನಡುವೆ ಒಂದು ಗಟ್ಟಿ ತಡೆ ಇರುತ್ತದೆ. ತಡೆಯ ಆಚೆ ಬಂದದ್ದನ್ನು ಬಿಳಿ ರಕ್ತಕಣಗಳು ಸುತ್ತುವರಿಯುತ್ತವೆ, ನುಂಗುತ್ತವೆ, ನುಂಗಿ ಮುಗಿಯದಿದ್ದರೆ ಸುತ್ತ ಗೋಡೆ ಕಟ್ಟುತ್ತವೆ. ಹಾಗೆ ಕಟ್ಟಿದ ಗೂಡೇ ಸ್ಪರ್ಮ್ ಗ್ರ್ಯಾನ್ಯುಲೋಮಾ. ಕಡಲೆಕಾಳಿನಿಂದ ಬಟಾಣಿಯಷ್ಟು ಗಾತ್ರ, ಸಾಮಾನ್ಯವಾಗಿ ಒಂದು ಸೆಂಟಿಮೀಟರಿನ ಒಳಗೆ. ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗುವುದೂ ಇಲ್ಲ. ಕೀವು ಗಡ್ಡೆಯೂ ಅಲ್ಲ, ಅದರೊಳಗೆ ರೋಗಾಣು ಇಲ್ಲ. ಈ ಕೊನೆಯ ಮಾತು ನೆನಪಿರಲಿ, ಆಂಟಿಬಯೋಟಿಕ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಮುಖ್ಯ ಮಾತು. ಇಂಥ ಗಂಟು ಆಗುವುದು ಅಪರೂಪವೇ ಅಲ್ಲ. ಬೇರೆ ಕಾರಣಕ್ಕೆ, ಅಂದರೆ ನಾಳ ಮತ್ತೆ ಜೋಡಿಸಲು, ಚೀಲ ಬಿಡಿಸಿದಾಗ ವೈದ್ಯರಿಗೆ ಗ್ರ್ಯಾನ್ಯುಲೋಮಾ ಆಗಾಗ ಸಿಗುತ್ತದೆ, ಅವರಲ್ಲಿ ಬಹಳ ಮಂದಿಗೆ ಒಂದು ದಿನವೂ ನೋವು ಬಂದಿರುವುದಿಲ್ಲ. ಅಷ್ಟೇ ಅಲ್ಲ. ಮರುಜೋಡಣೆ ಮಾಡುವವರಿಗೆ ಕತ್ತರಿಸಿದ ತುದಿಯಲ್ಲಿ ಗ್ರ್ಯಾನ್ಯುಲೋಮಾ ಕಂಡರೆ ಅದು ಒಳ್ಳೆಯ ಲಕ್ಷಣ. ಒತ್ತಡ ಅಲ್ಲಿ ಸೋರಿ ಕಡಿಮೆಯಾಗಿರುವುದರಿಂದ ಹಿಂದಿನ ಎಪಿಡಿಡಿಮಿಸ್ ಹಾಳಾಗದೆ ಉಳಿದಿರುವ ಸಾಧ್ಯತೆ ಹೆಚ್ಚು ಅಂತ ಅವರ ಲೆಕ್ಕ. ಪ್ರೆಶರ್ ಕುಕ್ಕರಿನ ಸೀಟಿ ಇದ್ದ ಹಾಗೆ. ಇದೇ ತರ್ಕದ ಮೇಲೆ ಕೆಲವು ಸರ್ಜನ್ನರು ವೃಷಣದ ಕಡೆಯ ತುದಿಯನ್ನು ಬೇಕೆಂದೇ ಮುಚ್ಚದೆ ಬಿಡುತ್ತಾರೆ, ಮೇಲಿನ ತುದಿಯನ್ನು ಮಾತ್ರ ಸುಟ್ಟು ನಡುವೆ ಪದರ ಹಾಕುತ್ತಾರೆ. ಅವರು ಗ್ರ್ಯಾನ್ಯುಲೋಮಾ ಆಗಲಿ ಅಂತಲೇ ಜಾಗ ಬಿಡುವವರು. ಅಂದರೆ ಒಬ್ಬ ಡಾಕ್ಟರ್ ರಿಪೋರ್ಟಿನಲ್ಲಿ ದೋಷ ಅಂತ ಬರೆಯುವುದನ್ನು ಇನ್ನೊಬ್ಬ ಡಾಕ್ಟರ್ ವ್ಯವಸ್ಥೆ ಅಂತ ಕರೆಯುತ್ತಾರೆ. ಗಂಟು ಇದೆ ಅನ್ನುವುದಕ್ಕೂ ಗಂಟು ನೋಯುತ್ತಿದೆ ಅನ್ನುವುದಕ್ಕೂ ಇರುವ ವ್ಯತ್ಯಾಸ ಇದು.

ನಮ್ಮ ಮೊದಲನೆಯ ವ್ಯಕ್ತಿಯ ಹತ್ತಿರ ಹೋಗೋಣ. ಅವನ ನೋವು ಚುಚ್ಚುವ ನೋವು. ಕಾಲಮೇಲೆ ಕಾಲು ಹಾಕಿದಾಗ, ಬೈಕ್ ಸೀಟಿನ ಮೇಲೆ ಕೂತಾಗ, ಮಗು ಓಡಿ ಬಂದು ತೊಡೆ ಮೇಲೆ ಹಾರಿದಾಗ ಪ್ರಾಣ ಹೋದ ಹಾಗಾಗುತ್ತದೆ. ಸುಮ್ನೆ ಮಲಗಿದ್ದರೆ ಏನೂ ಇಲ್ಲ. ಎಲ್ಲಿ ನೋಯುತ್ತದೆ ಅಂತ ಕೇಳಿದರೆ ಒಂದೇ ಬೆರಳು ಇಟ್ಟು ತೋರಿಸುತ್ತಾನೆ. ಯೂರಾಲಜಿಸ್ಟ್ ಮೊದಲು ನೋವಿಲ್ಲದ ಎಡಗಡೆ ಮುಟ್ಟಿ ನೋಡುತ್ತಾರೆ, ಅದು ಒಳ್ಳೆಯ ಅಭ್ಯಾಸ, ಯಾಕೆಂದರೆ ಅವನ ಸಹಜ ಸ್ಥಿತಿ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಆಮೇಲೆ ಬಲಗಡೆ ವೃಷಣ ಹಿಡಿದರೆ ನೋವಿಲ್ಲ. ಹಿಂದಿನ ಎಪಿಡಿಡಿಮಿಸ್ ಒತ್ತಿದರೆ ಸ್ವಲ್ಪ ಅಹಿತ, ಅಷ್ಟೇ. ನಾಳವನ್ನು ಎರಡು ಬೆರಳ ನಡುವೆ ಹಿಡಿದು ಮೇಲೆ ಹೋಗುತ್ತಾ ಗಂಟಿನ ಮೇಲೆ ಬಂದಾಗ ಅವನು ಮೇಜಿನಿಂದ ಏಳುತ್ತಾನೆ. ಆಗ ಕೇಳಬೇಕಾದ ಪ್ರಶ್ನೆ "ನೋಯುತ್ತಾ?" ಅಂತಲ್ಲ. "ನಿಮಗೆ ದಿನಾ ಬರುವ ನೋವು ಇದೇನಾ?" ಅಂತ. ಹೌದು, ಇದೇ, ಅಂತಾನೆ.

ಎರಡನೆಯವನ ಕಥೆ ಬೇರೆ. ಅವನದು ಜಗ್ಗುವ, ಭಾರ ಕಟ್ಟಿದ ಹಾಗಿನ ಮಂದ ನೋವು. ಬೆಳಿಗ್ಗೆ ಕಡಿಮೆ, ಸಂಜೆಯ ಹೊತ್ತಿಗೆ ಹೆಚ್ಚು. ಹೆಂಡತಿಯ ಜೊತೆ ಸೇರಿದ ಮೇಲೆ ಒಂದೆರಡು ಗಂಟೆಯಲ್ಲಿ ಶುರುವಾಗಿ ಮಾರನೇ ದಿನದವರೆಗೂ ಇರುತ್ತದೆ, ಆ ಭಯಕ್ಕೆ ಈಗ ಅವನು ಸೇರುವುದನ್ನೇ ಮುಂದೂಡುತ್ತಿದ್ದಾನೆ, ಯಾಕೆ ಅಂತ ಅವಳಿಗೆ ಹೇಳಿಲ್ಲ. ಎಲ್ಲಿ ನೋಯುತ್ತದೆ ಅಂದರೆ ಇಡೀ ಅಂಗೈಯಿಂದ ಚೀಲ ಮುಚ್ಚಿ ತೋರಿಸುತ್ತಾನೆ. ಗಂಟು ಒತ್ತಿದರೆ "ಅದೇನೂ ಇಲ್ಲ" ಅಂತಾನೆ. ಎಪಿಡಿಡಿಮಿಸ್ ಉದ್ದಕ್ಕೂ ತುಂಬಿ ಬಿಗಿಯಾಗಿದೆ, ಅದನ್ನು ಮುಟ್ಟಿದರೆ ಅದೇ ಜಗ್ಗುವ ನೋವು ಬರುತ್ತದೆ.

ಒಂದು ಬೆರಳಾ, ಇಡೀ ಅಂಗೈಯಾ? ಯಾವ ಮಷೀನೂ ಬೇಡದ ಈ ಪರೀಕ್ಷೆ 7 ಮಿಲಿಮೀಟರ್ ಅನ್ನುವ ಅಂಕಿಗಿಂತ ಹೆಚ್ಚು ಹೇಳುತ್ತದೆ ಅಂತ ನನ್ನ ಅಭಿಪ್ರಾಯ. ಮೊದಲನೆಯವನದು ಗ್ರ್ಯಾನ್ಯುಲೋಮಾದ ನೋವು. ಎರಡನೆಯವನದು ಒತ್ತಡದ ನೋವು, ಅವನಲ್ಲಿ ಗ್ರ್ಯಾನ್ಯುಲೋಮಾ ಸುಮ್ಮನೆ ಪಕ್ಕದಲ್ಲಿ ನಿಂತಿರುವ ದಾರಿಹೋಕ, ಅಥವಾ ಅಷ್ಟೋ ಇಷ್ಟೋ ಒತ್ತಡ ಇಳಿಸುತ್ತಿರುವ ಸೀಟಿ. ಅದನ್ನು ಕತ್ತರಿಸಿ ತುದಿಯನ್ನು ಗಟ್ಟಿಯಾಗಿ ಮುಚ್ಚಿಬಿಟ್ಟರೆ ಸೋರಲು ಇದ್ದ ಜಾಗವೂ ಹೋಯಿತು.

ಮೂರನೆಯ ಬಗೆಯೊಂದಿದೆ, ಅದು ನರದ್ದು. ವೀರ್ಯನಾಳದ ಗೋಡೆಯಲ್ಲಿ ಮತ್ತು ಅದರ ಸುತ್ತಲಿನ ಹೊದಿಕೆಯಲ್ಲಿ ಸಣ್ಣ ನರಗಳು ಹೆಣೆದುಕೊಂಡಿರುತ್ತವೆ. ಕತ್ತರಿಸುವಾಗ, ಸುಡುವಾಗ ಅವುಗಳಿಗೂ ಏಟು ಬೀಳುತ್ತದೆ, ಹೆಚ್ಚಿನ ಸಲ ಮಾಯುತ್ತದೆ, ಕೆಲವು ಸಲ ಕಲೆಗಟ್ಟಿದ ಅಂಗಾಂಶದಲ್ಲಿ ಸಿಕ್ಕಿಬೀಳುತ್ತದೆ. ಆಗ ನೋವು ಉರಿಯ ಹಾಗೆ, ಕರೆಂಟ್ ಹೊಡೆದ ಹಾಗೆ, ತೊಡೆಸಂದಿಗೋ ತೊಡೆಯ ಒಳಮಗ್ಗುಲಿಗೋ ಓಡುತ್ತದೆ. ಚಡ್ಡಿಯ ಬಟ್ಟೆ ತಾಗಿದರೂ ತಡೆಯಲಾಗದು ಅನ್ನುವವರಿದ್ದಾರೆ. ಮೊದಲ ಎರಡು ಬಗೆ ತಿಂಗಳುಗಟ್ಟಲೆ ಉಳಿದರೂ ಕೊನೆಗೆ ಇದರ ಬಣ್ಣ ಸೇರಿಕೊಳ್ಳುತ್ತದೆ. ಒಂದೇ ದಾರಿಯಲ್ಲಿ ದಿನವೂ ನೋವಿನ ಸುದ್ದಿ ಹೋಗುತ್ತಿದ್ದರೆ ಬೆನ್ನುಹುರಿ ಮತ್ತು ಮಿದುಳು ಅದಕ್ಕೆ ಕಿವಿ ಚುರುಕು ಮಾಡಿಕೊಳ್ಳುತ್ತವೆ, ಸಣ್ಣ ಸದ್ದೂ ದೊಡ್ಡದಾಗಿ ಕೇಳಿಸುತ್ತದೆ. ಮೂಲ ಕಾರಣ ಹೋದ ಮೇಲೂ ನೋವು ಉಳಿಯುವುದು ಹೀಗೆ. "ನಿನ್ನ ತಲೆಯಲ್ಲಿದೆ" ಅನ್ನುವ ಮಾತಿಗೂ ಇದಕ್ಕೂ ಸಂಬಂಧ ಇಲ್ಲ. ಆ ಮಾತು ಹೇಳುವ ಡಾಕ್ಟರನ್ನು ಬದಲಾಯಿಸಿ.

ಇದೆಲ್ಲ ಎಷ್ಟು ಜನಕ್ಕೆ ಆಗುತ್ತದೆ ಅನ್ನುವ ಪ್ರಶ್ನೆಗೆ ಎಲ್ಲರೂ ಬೇರೆ ಬೇರೆ ಅಂಕಿ ಹೇಳುತ್ತಾರೆ, ಓದುವವರಿಗೆ ಗೊಂದಲವಾಗುತ್ತದೆ. ಕಾರಣ ಸರಳ, ಅವರು ಬೇರೆ ಬೇರೆ ಸಂಗತಿ ಎಣಿಸುತ್ತಿದ್ದಾರೆ. ಬ್ರಿಟನ್ನಿನಲ್ಲಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆಪರೇಷನ್ನಿಗೆ ಮುಂಚೆಯೇ ಜನರನ್ನು ಕೇಳಿ, ಸುಮಾರು ಏಳು ತಿಂಗಳ ನಂತರ ಮತ್ತೆ ಕೇಳಿತು. ಮೊದಲು ನೋವಿಲ್ಲದೆ ಈಗ ಹೊಸದಾಗಿ ಏನೋ ಒಂದು ನೋವಿದೆ ಅಂದವರು ನೂರಕ್ಕೆ ಸುಮಾರು 15. ಬದುಕಿಗೆ ತೊಂದರೆ ಕೊಡುವಷ್ಟು ಜೋರು ನೋವಿದೆ ಅಂದವರು ನೂರಕ್ಕೆ ಒಬ್ಬರು. ಅಮೆರಿಕದ ಯೂರಾಲಜಿ ಸಂಘದ ಮಾರ್ಗಸೂಚಿ ಆಪರೇಷನ್ನಿಗೆ ಮುಂಚೆ ಹೇಳಬೇಕು ಅನ್ನುವ ಅಂಕಿಯೂ ನೂರಕ್ಕೆ ಒಂದೆರಡು. ಆಗೀಗ ಜುಂ ಅನ್ನುವುದನ್ನೂ ಸೇರಿಸಿದರೆ ಅಂಕಿ ಏರುತ್ತದೆ, ಕೆಲಸ ಬಿಟ್ಟು ಡಾಕ್ಟರ ಹತ್ತಿರ ಓಡಿಸುವ ನೋವನ್ನು ಮಾತ್ರ ಎಣಿಸಿದರೆ ಇಳಿಯುತ್ತದೆ. ಮೂರು ತಿಂಗಳು ದಾಟಿಯೂ ಹೋಗದ, ಅಥವಾ ಹೋಗಿ ಹೋಗಿ ಬರುವ, ದಿನದ ಬದುಕಿಗೆ ಅಡ್ಡಿಯಾಗುವ ನೋವನ್ನು ವ್ಯಾಸೆಕ್ಟಮಿ ನಂತರದ ದೀರ್ಘಕಾಲದ ನೋವು ಅಂತ ಕರೆಯುತ್ತಾರೆ. ನೂರಕ್ಕೆ ಒಂದು ಅನ್ನುವುದು ಸಣ್ಣದೇ. ಆದರೆ ಇದು ಲಕ್ಷಗಟ್ಟಲೆ ಜನ ಮಾಡಿಸಿಕೊಳ್ಳುವ ಆಪರೇಷನ್. ಅದೂ ಕಾಯಿಲೆಯೇ ಇಲ್ಲದವರು ಮಾಡಿಸಿಕೊಳ್ಳುವುದು. ಸಹಿ ಹಾಕಿಸುವ ಮುಂಚೆ ಒಂದು ವಾಕ್ಯದಲ್ಲಾದರೂ ಹೇಳಬೇಕಾದ ಅಂಕಿ ಅದು, ಹೇಳದಿದ್ದರೆ ನೋವಿನ ಜೊತೆ ಮೋಸಹೋದೆ ಅನ್ನುವ ಸಿಟ್ಟೂ ಸೇರಿಕೊಳ್ಳುತ್ತದೆ.

ಈ ಹೆಸರಿಡುವ ಮುಂಚೆ ಬೇರೆ ಕಾರಣಗಳನ್ನು ಪಕ್ಕಕ್ಕೆ ಸರಿಸಬೇಕು. ವ್ಯಾಸೆಕ್ಟಮಿ ಮಾಡಿಸಿದ ಮಾತ್ರಕ್ಕೆ ಆ ಜಾಗದ ಪ್ರತಿ ನೋವೂ ಅದರದ್ದೇ ಆಗಬೇಕಿಲ್ಲ. ಮೂತ್ರಕೋಶದ ಹತ್ತಿರ ಇಳಿದ ಕಲ್ಲು, ತೊಡೆಸಂದಿನ ಹರ್ನಿಯಾ, ಸೊಂಟದ ಕೀಲು, ಬೆನ್ನಿನ ನರ, ಎಲ್ಲವೂ ವೃಷಣಕ್ಕೆ ನೋವು ಕಳಿಸಬಲ್ಲವು. ಕೆಮ್ಮಿಸಿ ನೋಡುವುದು, ನಿಲ್ಲಿಸಿ ನೋಡುವುದು, ಒಂದು ಮೂತ್ರ ಪರೀಕ್ಷೆ, ಒಂದು ಸ್ಕ್ಯಾನ್, ಇಷ್ಟರಲ್ಲಿ ಬಹಳಷ್ಟು ಗೊತ್ತಾಗುತ್ತದೆ. ಎರಡು ವಿಷಯಕ್ಕೆ ಮಾತ್ರ ಕಾಯುವಂತಿಲ್ಲ. ಒಮ್ಮೆಲೇ ಶುರುವಾದ ಭಯಂಕರ ನೋವು, ವಾಂತಿ ಬಂದ ಹಾಗಾಗುವುದು, ವೃಷಣ ಮೇಲೆ ಸರಿದ ಹಾಗೆ ಕಾಣುವುದು: ಇದು ವೃಷಣ ತಿರುಚಿಕೊಂಡದ್ದಿರಬಹುದು, ಉಳಿಸಿಕೊಳ್ಳಲು ಸಿಗುವ ಸಮಯ ಸುಮಾರು ಆರು ಗಂಟೆ. ಜ್ವರದ ಜೊತೆ ಕೆಂಪಗೆ ಬಿಸಿಯಾಗಿ ಊದಿದರೂ ಅದೇ ದಿನ ತೋರಿಸಬೇಕು. ಗಟ್ಟಿ ಗಂಟು ನಾಳದ ಮೇಲಲ್ಲದೆ ವೃಷಣದ ಒಳಗೇ ಇದ್ದರೆ, ನೋವಿಲ್ಲದಿದ್ದರೂ, ಸ್ಕ್ಯಾನ್ ಬೇಕೇಬೇಕು. ಅದಕ್ಕೆ ವ್ಯಾಸೆಕ್ಟಮಿ ಕಾರಣವಲ್ಲ, ಆದರೆ ವ್ಯಾಸೆಕ್ಟಮಿಯ ಗಂಟು ಅಂದುಕೊಂಡು ಸುಮ್ಮನಿದ್ದುಬಿಡುವ ಅಪಾಯ ಇದೆ.

ಇನ್ನು ಆಂಟಿಬಯೋಟಿಕ್. ವೃಷಣ ನೋವು ಅಂದ ಕೂಡಲೇ ಹತ್ತು ದಿನದ ಮಾತ್ರೆ ಬರೆಯುವುದು, ಹೋಗಲಿಲ್ಲ ಅಂದರೆ ಇನ್ನೊಂದು ಬಗೆಯ ಮಾತ್ರೆ, ಆಮೇಲೆ ಮೂರನೆಯದು. ನಮ್ಮ ಎರಡನೆಯವನಿಗೆ ಎರಡು ಸಲ ಹೀಗೆ ಆಗಿದೆ ಅಂದುಕೊಳ್ಳಿ. ರಿಪೋರ್ಟಿನಲ್ಲಿ ಎಪಿಡಿಡಿಮಿಸ್ ದಪ್ಪ ಅಂತ ಇದೆ, ಸೋಂಕಿನಲ್ಲೂ ಅದು ದಪ್ಪಗಾಗುತ್ತದೆ, ಹಾಗಾಗಿ ಈ ತಪ್ಪು ಸುಲಭ. ಆದರೆ ಜ್ವರ ಇಲ್ಲ, ಮೂತ್ರದಲ್ಲಿ ಉರಿ ಇಲ್ಲ, ಮೂತ್ರ ಪರೀಕ್ಷೆಯಲ್ಲಿ ಕೀವುಕಣ ಇಲ್ಲ, ಸ್ಕ್ಯಾನಿನಲ್ಲಿ ಆ ಜಾಗಕ್ಕೆ ರಕ್ತ ವಿಪರೀತ ನುಗ್ಗುತ್ತಿಲ್ಲ. ನಾಳ ಮುಚ್ಚಿದ ಮೇಲೆ ಎಪಿಡಿಡಿಮಿಸ್ ಒಳಗೆ ಸಣ್ಣ ಸಣ್ಣ ಕೊಳವೆಗಳು ಅಗಲವಾಗಿ ಕಾಣುವುದು ನೋವಿಲ್ಲದವರಲ್ಲೂ ಮಾಮೂಲಿ. ಇಲ್ಲಿ ಕೊಲ್ಲಲು ರೋಗಾಣುವೇ ಇಲ್ಲ.

ಇಬ್ಬರಿಗೂ ಮೊದಲ ಹೆಜ್ಜೆ ಒಂದೇ, ಅದು ಬೇಜಾರು ಹುಟ್ಟಿಸುವಷ್ಟು ಸಾಧಾರಣ. ಬಿಗಿಯಾದ ಒಳಉಡುಪು, ಬೇಕಾದರೆ ಆಟಗಾರರು ಹಾಕುವ ಸಪೋರ್ಟರ್, ವೃಷಣ ತೂಗಾಡದ ಹಾಗೆ ಹಿಡಿಯಲು. ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು. ಐಬುಪ್ರೊಫೇನ್ ಜಾತಿಯ ಉರಿಯೂತ ಇಳಿಸುವ ಮಾತ್ರೆ, ನೋವು ಬಂದಾಗ ಒಂದು ಅಂತಲ್ಲ, ಡಾಕ್ಟರ್ ಹೇಳಿದ ಅಳತೆಯಲ್ಲಿ ಎರಡರಿಂದ ನಾಲ್ಕು ವಾರ ಬಿಡದೆ, ಊಟದ ನಂತರ. ಬಹಳ ಜನ ಸೋಲುವುದು ಇಲ್ಲೇ: ಎರಡು ದಿನ ನುಂಗಿ, ನೋವು ಇಳಿದ ಕೂಡಲೇ ಬಿಟ್ಟು, ಮತ್ತೆ ಬಂದಾಗ "ಮಾತ್ರೆ ಕೆಲಸ ಮಾಡಲಿಲ್ಲ" ಅನ್ನುತ್ತಾರೆ. ಗ್ರ್ಯಾನ್ಯುಲೋಮಾದ ಸುತ್ತಲಿನ ಉರಿಯೂತ ತಣಿಯಲು ವಾರಗಳೇ ಬೇಕು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ ಇರುವವರು ಮಾತ್ರ ಇದನ್ನು ತಾವಾಗೇ ಶುರು ಮಾಡಬಾರದು.

ಇದೇ ಹೊತ್ತಿಗೆ ಇನ್ನೊಂದು ಕೆಲಸ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು, ಅದು ನೋವಿಗೆ ಸಂಬಂಧಿಸಿದ್ದಲ್ಲ. ವೀರ್ಯ ಪರೀಕ್ಷೆ. ಗ್ರ್ಯಾನ್ಯುಲೋಮಾ ಒಳಗೆ ಕೆಲವೊಮ್ಮೆ ಸೂಕ್ಷ್ಮ ಕಾಲುವೆಗಳು ಹುಟ್ಟಿ, ಕತ್ತರಿಸಿದ ಎರಡು ತುದಿಗಳ ನಡುವೆ ದಾರಿಯಾಗುತ್ತದೆ. ವ್ಯಾಸೆಕ್ಟಮಿ ಸೋಲುವ ದಾರಿಗಳಲ್ಲಿ ಅದೊಂದು. ಆಪರೇಷನ್ ಆದ ಎರಡು ಮೂರು ತಿಂಗಳಿಗೆ ಮಾಡಿಸಬೇಕಾದ ಪರೀಕ್ಷೆಯನ್ನು ಎಷ್ಟೋ ಜನ ಮಾಡಿಸುವುದೇ ಇಲ್ಲ. ಗಂಟು ಇದೆ ಅಂತ ಗೊತ್ತಾದವರು ಅದನ್ನು ಬಿಡಬಾರದು.

ಆರು ವಾರ ಕಳೆಯಿತು ಅಂದುಕೊಳ್ಳೋಣ. ಮೊದಲನೆಯವನಿಗೆ ಅರ್ಧ ಇಳಿದಿದೆ, ಆದರೆ ಗಂಟು ತಾಗಿದರೆ ಈಗಲೂ ಅದೇ ಚುಚ್ಚು. ಎರಡನೆಯವನಿಗೆ ಹೆಚ್ಚು ವ್ಯತ್ಯಾಸ ಇಲ್ಲ. ಈಗ ಮುಂದಿನ ಹೆಜ್ಜೆಗೆ ಮುಂಚೆ ಮಾಡಬಹುದಾದ ಒಂದು ಪರೀಕ್ಷೆ ಇದೆ, ಸ್ಪರ್ಮ್ಯಾಟಿಕ್ ಕಾರ್ಡ್ ಬ್ಲಾಕ್. ತೊಡೆಸಂದಿನ ಕೆಳಗೆ, ನಾಳ ಮತ್ತು ನರಗಳ ಕಟ್ಟು ಚೀಲಕ್ಕೆ ಇಳಿಯುವ ಜಾಗದಲ್ಲಿ, ಹಲ್ಲಿನ ಡಾಕ್ಟರ್ ಕೊಡುವಂಥ ಮರಗಟ್ಟಿಸುವ ಔಷಧಿಯನ್ನು ಸೂಜಿಯಲ್ಲಿ ಹಾಕುತ್ತಾರೆ. ಸಾಮಾನ್ಯವಾಗಿ ಬುಪಿವಕೇನ್, ಕೆಲವು ಗಂಟೆ ಇರುತ್ತದೆ. ಸೂಜಿಗೆ ಮುಂಚೆ ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ಆಮೇಲೆ ಎಷ್ಟು, ಅಂತ ಬರೆದಿಡಬೇಕು. ಏಳಿದ್ದದ್ದು ಒಂದಕ್ಕೆ ಇಳಿದರೆ ನೋವಿನ ಸುದ್ದಿ ಈ ಕಟ್ಟಿನ ನರಗಳಲ್ಲೇ ಹೋಗುತ್ತಿದೆ ಅಂತಾಯಿತು. ಅರ್ಧಕ್ಕಿಂತ ಕಡಿಮೆ ಇಳಿದರೆ ಮೂಲ ಬೇರೆಲ್ಲೋ ಇದೆ, ಬೆನ್ನಲ್ಲೋ, ಸೊಂಟದ ತಳದ ಸ್ನಾಯುಗಳಲ್ಲೋ, ಅಥವಾ ಮೇಲೆ ಹೇಳಿದ ಹಾಗೆ ನೋವಿನ ದಾರಿಯೇ ಚುರುಕಾಗಿಬಿಟ್ಟಿದೆ. ಅಂಥವರ ಚೀಲಕ್ಕೆ ಕತ್ತಿ ಹಾಕಿದರೆ ಲಾಭ ಆಗುವುದು ಕಷ್ಟ. ಮರುಆಪರೇಷನ್ ಮಾತೆತ್ತುವ ಡಾಕ್ಟರು ಈ ಬ್ಲಾಕ್ ಬಗ್ಗೆ ಏನೂ ಹೇಳದಿದ್ದರೆ ನೀವೇ ಕೇಳಿ.

ಮೊದಲನೆಯವನ ಬ್ಲಾಕ್ ಚೆನ್ನಾಗಿ ಕೆಲಸ ಮಾಡಿತು, ನೋವು ಗಂಟಿನ ಮೇಲೇ ಇದೆ. ಅವನಿಗೆ ಗ್ರ್ಯಾನ್ಯುಲೋಮಾ ತೆಗೆಸುವುದು ಸರಿಯಾದ ದಾರಿ. ಚೀಲದ ಮೇಲೆ ಸಣ್ಣ ಗಾಯ ಮಾಡಿ, ಗಂಟನ್ನು ಅದರ ಸುತ್ತಲಿನ ಕಲೆಯ ಜೊತೆ ಬಿಡಿಸಿ, ಅದಕ್ಕೆ ಸೇರಿದ ನಾಳದ ತುಂಡಿನ ಜೊತೆ ತೆಗೆದು, ಉಳಿದ ತುದಿಯ ಒಳಗೋಡೆಯನ್ನು ಸುಟ್ಟು, ಮೇಲೆ ಪದರ ಹಾಕುತ್ತಾರೆ. ತೆಗೆದದ್ದು ಲ್ಯಾಬಿಗೆ ಹೋಗಬೇಕು. ಮತ್ತೆ ಸೋರಿ ಮತ್ತೆ ಗಂಟಾಗುವ ಸಾಧ್ಯತೆ ಇದ್ದೇ ಇರುತ್ತದೆ. ಹಾಗೆಯೇ ಇಲ್ಲಿಯವರೆಗೆ ಅಡಗಿದ್ದ ಒತ್ತಡದ ನೋವು ಕೆಲವರಲ್ಲಿ ಈಗ ತಲೆ ಎತ್ತಬಹುದು. ಅವನ ರಿಪೋರ್ಟಿನಲ್ಲೂ ಎಪಿಡಿಡಿಮಿಸ್ ಸ್ವಲ್ಪ ದಪ್ಪ ಅಂತ ಇತ್ತಲ್ಲ. ಇದನ್ನು ಮುಂಚೆಯೇ ಹೇಳಿದರೆ ಅವನು ಮೂರನೇ ವಾರದ ಜಗ್ಗುವ ನೋವಿಗೆ ಹೆದರುವುದಿಲ್ಲ, ಹೇಳದಿದ್ದರೆ ಇನ್ನೊಂದು ಆಸ್ಪತ್ರೆ ಹುಡುಕುತ್ತಾನೆ.

ಎರಡನೆಯವನ ದಾರಿ ಉದ್ದ. ಅವನಿಗೆ ಮೊದಲು ನರದ ನೋವಿನ ಮಾತ್ರೆ: ಅಮಿಟ್ರಿಪ್ಟಿಲಿನ್ ಅಥವಾ ನಾರ್ಟ್ರಿಪ್ಟಿಲಿನ್, ರಾತ್ರಿ 10ರಿಂದ 25 ಮಿಲಿಗ್ರಾಂ, ಇಲ್ಲವೇ ಗ್ಯಾಬಪೆಂಟಿನ್. ಖಿನ್ನತೆಗೆ ಕೊಡುವ ಮಾತ್ರೆ ನನಗ್ಯಾಕೆ ಅಂತ ಚೀಟಿ ನೋಡಿ ಬೇಸರ ಮಾಡಿಕೊಳ್ಳುವವರುಂಟು. ಈ ಕಡಿಮೆ ಅಳತೆಯಲ್ಲಿ ಅದು ಬೆನ್ನುಹುರಿಯಲ್ಲಿ ನೋವಿನ ಸದ್ದು ತಗ್ಗಿಸಲು ಕೊಡುವುದು. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು ಇರುತ್ತದೆ, ಫಲ ಕಾಣಲು ಮೂರ್ನಾಲ್ಕು ವಾರ ಬೇಕು. ಜೊತೆಗೆ ಸೊಂಟದ ತಳದ ಸ್ನಾಯುಗಳ ಫಿಸಿಯೋಥೆರಪಿ. ತಿಂಗಳುಗಟ್ಟಲೆ ನೋವಿಗೆ ಮೈ ಬಿಗಿಹಿಡಿದು ಕೂತವನಲ್ಲಿ ಆ ಸ್ನಾಯುಗಳೂ ಗಂಟುಕಟ್ಟಿರುತ್ತವೆ, ಬಿಗಿಯುವ ವ್ಯಾಯಾಮ ಅಲ್ಲ, ಸಡಿಲಿಸುವುದನ್ನು ಕಲಿಸಬೇಕು.

ಅದೂ ಸಾಲದಿದ್ದರೆ ಅವನ ಮುಂದೆ ಮೂರು ಆಪರೇಷನ್ನುಗಳಿವೆ, ಮೂರಕ್ಕೂ ಬೆಲೆ ಇದೆ. ಒತ್ತಡವೇ ಕಾರಣ ಅಂತ ಸ್ಪಷ್ಟವಿದ್ದರೆ ತರ್ಕಕ್ಕೆ ಹತ್ತಿರವಾದದ್ದು ನಾಳವನ್ನು ಮತ್ತೆ ಜೋಡಿಸುವುದು. ದಾರಿ ತೆರೆದರೆ ಒತ್ತಡ ಇಳಿಯುತ್ತದೆ. ಹೀಗೆ ನೋವಿಗಾಗಿ ಜೋಡಿಸಿಕೊಂಡವರಲ್ಲಿ ಹೆಚ್ಚಿನವರಿಗೆ ನೋವು ಕಡಿಮೆಯಾದ ವರದಿಗಳಿವೆ, ಆದರೆ ಅವೆಲ್ಲ ಕೆಲವೇ ಹತ್ತು ಜನರನ್ನು ನೋಡಿದ ಸಣ್ಣ ಅಧ್ಯಯನಗಳು. ಬೆಲೆ ಏನೆಂದರೆ, ಯಾವುದಕ್ಕಾಗಿ ಆಪರೇಷನ್ ಮಾಡಿಸಿದ್ದನೋ ಅದೇ ಹೋಯಿತು. ಗರ್ಭ ನಿಲ್ಲದಂತೆ ಮತ್ತೆ ಬೇರೆ ದಾರಿ ಹುಡುಕಬೇಕು, ಆ ಭಾರ ಸಾಮಾನ್ಯವಾಗಿ ಹೆಂಡತಿಯ ಮೇಲೆ ಬೀಳುತ್ತದೆ. ಹಾಗಾಗಿ ಈ ಮಾತು ಆಡುವಾಗ ಕೋಣೆಯಲ್ಲಿ ಅವಳೂ ಇರಬೇಕು.

ಎರಡನೆಯದು ನರ ಕತ್ತರಿಸುವುದು. ಸೂಕ್ಷ್ಮದರ್ಶಕದ ಕೆಳಗೆ ಕಾರ್ಡಿನ ಸಣ್ಣ ನರಗಳನ್ನೆಲ್ಲ ಕತ್ತರಿಸಿ, ವೃಷಣದ ರಕ್ತನಾಳ ಮತ್ತು ಒಂದಷ್ಟು ದುಗ್ಧರಸದ ನಾಳಗಳನ್ನು ಮಾತ್ರ ಉಳಿಸುತ್ತಾರೆ. ವ್ಯಾಸೆಕ್ಟಮಿ ಹಾಗೇ ಇರುತ್ತದೆ. ಬ್ಲಾಕಿನಲ್ಲಿ ಚೆನ್ನಾಗಿ ಇಳಿದವರನ್ನೇ ಆರಿಸಿಕೊಂಡರೆ ಸುಮಾರು ನಾಲ್ವರಲ್ಲಿ ಮೂವರಿಗೆ ಒಳ್ಳೆಯ ಫಲ ಸಿಗುತ್ತದೆ, ಆರಿಸದೆ ಎಲ್ಲರಿಗೂ ಮಾಡಿದರೆ ಆ ಲೆಕ್ಕ ನಿಲ್ಲುವುದಿಲ್ಲ. ನೀರು ತುಂಬಿಕೊಳ್ಳುವುದು, ಅಪರೂಪಕ್ಕೆ ರಕ್ತ ಸಾಲದೆ ವೃಷಣ ಸೊರಗುವುದು ಇದರ ಅಪಾಯ. ಹಿಂದೆ ಆ ಜಾಗದಲ್ಲಿ ಹರ್ನಿಯಾ ಆಪರೇಷನ್ ಆಗಿದ್ದರೆ ಮುಂಚೆಯೇ ಹೇಳಲೇಬೇಕು.

ಮೂರನೆಯದು ಎಪಿಡಿಡಿಮಿಸ್ ತೆಗೆಯುವುದು. ನೋವು ಮುಟ್ಟಿದಾಗ ಅದರಲ್ಲೇ ಇದ್ದು, ಸ್ಕ್ಯಾನಿನಲ್ಲೂ ಅದು ಕೆಟ್ಟಿದ್ದರೆ ಫಲ ಸಿಗಬಹುದು, ಇಲ್ಲದಿದ್ದರೆ ನಾಣ್ಯ ಚಿಮ್ಮಿದ ಹಾಗೆ. ಒಮ್ಮೆ ತೆಗೆದರೆ ಮುಂದೆ ನಾಳ ಜೋಡಿಸುವ ಮಾತೇ ಇಲ್ಲ. ವೃಷಣವನ್ನೇ ತೆಗೆದುಬಿಡಿ ಅಂತ ಬೇಡುವ ಹಂತಕ್ಕೆ ಬಂದವರೂ ಇದ್ದಾರೆ. ತೆಗೆದ ಮೇಲೂ ಅದೇ ಜಾಗ ನೋಯುವವರೂ ಇದ್ದಾರೆ, ನೋವಿನ ದಾರಿ ಚುರುಕಾಗಿದ್ದರೆ ಅಲ್ಲಿ ಅಂಗ ಇರಲೇಬೇಕು ಅಂತಿಲ್ಲ.

ನಮ್ಮ ಎರಡನೆಯವನು ಇದನ್ನೆಲ್ಲ ಕೇಳಿ ಸದ್ಯಕ್ಕೆ ಮಾತ್ರೆ ಮತ್ತು ಫಿಸಿಯೋಥೆರಪಿಯಲ್ಲೇ ಮೂರು ತಿಂಗಳು ನೋಡುತ್ತೇನೆ ಅಂದ. ನನಗೆ ಅದು ಬುದ್ಧಿವಂತಿಕೆ ಅನಿಸುತ್ತದೆ, ಯಾಕೆಂದರೆ ಒತ್ತಡದ ನೋವು ಒಂದು ವರ್ಷದೊಳಗೆ ತಾನಾಗೇ ತಗ್ಗುವುದೂ ಇದೆ. ಡಾಕ್ಟರು ಅವನಿಗೆ ಒಂದು ಡೈರಿ ಇಡಲು ಹೇಳಿದರು: ದಿನಕ್ಕೊಂದು ಅಂಕ, ಸೇರಿದ ದಿನಕ್ಕೆ ಒಂದು ಗುರುತು, ಎಷ್ಟು ಹೊತ್ತು ನಿಂತಿದ್ದ ಅನ್ನುವುದು. ಬ್ಲಾಕಿನ ತಾರೀಖು, ಆಗ ಬಂದ ಅಂಕ ಕೂಡ ಅದೇ ಡೈರಿಯಲ್ಲಿದೆ. ಮುಂದೆ ಆಪರೇಷನ್ ಬೇಕಾದರೆ ಸರ್ಜನ್ ಮೊದಲು ಕೇಳುವುದು ಅದನ್ನೇ. ಸ್ಕ್ಯಾನ್ ರಿಪೋರ್ಟಿನಲ್ಲಿ ಗಂಟು ಈಗಲೂ 7 ಮಿಲಿಮೀಟರ್. ಅದರ ತಂಟೆಗೆ ಯಾರೂ ಹೋಗಿಲ್ಲ.